ಆನ್‌ಲೈನ್ ಸಭೆಯ ಆಟೋ ಟ್ರಾನ್ಸ್‌ಕ್ರಿಪ್ಟ್‌ನಿಂದ ನಡಾವಳಿ ಮಾಡಿದ ಕೆಲಸದ ಲಾಗ್

ನಮ್ಮದು ಮೈಸೂರಲ್ಲಿ 48 ಮನೆ ಇರೋ ಅಪಾರ್ಟ್‌ಮೆಂಟು, ನಾನು ಸಂಘದ ಜಂಟಿ ಕಾರ್ಯದರ್ಶಿ ಆಗಿ ಇದು ಮೊದಲ ವರ್ಷ. ಸರ್ವಸದಸ್ಯರ ಸಭೆ ಅರ್ಧ ಕ್ಲಬ್‌ಹೌಸಲ್ಲಿ ಅರ್ಧ ಆನ್‌ಲೈನಲ್ಲಿ ನಡೀತು, 12 ಜನ ಕ್ಲಬ್‌ಹೌಸಲ್ಲಿ ಒಂದೇ ಲ್ಯಾಪ್‌ಟಾಪ್ ಮುಂದೆ, 19 ಜನ ಅವರವರ ಮನೆಯಿಂದ. ಟ್ರಾನ್ಸ್‌ಕ್ರಿಪ್ಟ್ ತಾನಾಗೇ ಬರುತ್ತಲ್ಲ ಅಂತ ಯಾರೂ ನೋಟ್ಸ್ ಬರ್ಕೊಳ್ಳಿಲ್ಲ, ನಾನೂ ಬರ್ಕೊಳ್ಳಿಲ್ಲ. ಆ ಫೈಲನ್ನ ಸಹಿ ಹಾಕೋ ಹಾಗಿರೋ ನಡಾವಳಿ ಮಾಡೋಕೆ ಆರು ದಿನ ಹಿಡೀತು, ಏನೇನು ಮಾಡ್ದೆ ಎಲ್ಲೆಲ್ಲಿ ತಪ್ಪು ಮಾಡ್ದೆ ಅಂತ ಕ್ರಮವಾಗಿ ಬರೀತಿದೀನಿ.

ಬಳಸಿದ್ದು: ಸಭೆಯ ವಿಡಿಯೋ ರೆಕಾರ್ಡಿಂಗ್ (1 ಗಂಟೆ 52 ನಿಮಿಷ), ಕ್ಯಾಪ್ಶನ್ ಫೈಲು (.vtt), ಚಾಟ್ ಫೈಲು, ನೋಟ್‌ಪ್ಯಾಡ್++, ವಿಎಲ್‌ಸಿ ಪ್ಲೇಯರ್, ಒಂದು ಸ್ಪ್ರೆಡ್‌ಶೀಟ್. ದುಡ್ಡು ಖರ್ಚಾಗಿದ್ದು 650 ರೂಪಾಯಿ ಮಾತ್ರ, ಕಿವಿ ಪೂರ್ತಿ ಮುಚ್ಚೋ ಒಂದು ವೈರ್ ಹೆಡ್‌ಫೋನಿಗೆ.

ದಿನ 1, ಭಾನುವಾರ ರಾತ್ರಿ: ಮೊದಲ ಪ್ರಯತ್ನ, ಪೂರ್ತಿ ಹಾಳಾಯ್ತು

ಫೈಲ್ ಓಪನ್ ಮಾಡಿದ್ರೆ ಸುಮಾರು 1,430 ತುಂಡು, ಒಂದೊಂದೂ ನಾಲ್ಕೈದು ಸೆಕೆಂಡಿಂದು, ಪ್ರತಿಯೊಂದರ ಮೇಲೂ ಟೈಮ್‌ಸ್ಟ್ಯಾಂಪು. ಓದೋಕೆ ಕಿರಿಕಿರಿ ಅಂತ ನೋಟ್‌ಪ್ಯಾಡ್++ ರೆಗ್ಯುಲರ್ ಎಕ್ಸ್‌ಪ್ರೆಷನ್ ಮೋಡಲ್ಲಿ ಟೈಮ್ ಇರೋ ಸಾಲೆಲ್ಲ ಹುಡುಕಿ ಖಾಲಿ ಮಾಡ್ದೆ:

```
^.*-->.*\R
```

ಇದೇ ಮೊದಲನೇ ತಪ್ಪು. ಅನುಮಾನ ಬಂದ ಮಾತನ್ನ ರೆಕಾರ್ಡಿಂಗಲ್ಲಿ ಹುಡುಕೋಣ ಅಂದ್ರೆ ಅದು ಎಷ್ಟನೇ ನಿಮಿಷದ್ದು ಅಂತ ಗೊತ್ತಾಗೋ ದಾರೀನೇ ಹೋಯ್ತು.

ಎರಡನೇ ತಪ್ಪು ಫಿಲ್ಲರ್ ಪದ ತೆಗೆದಿದ್ದು. ಅಂ, ಹ್ಞೂಂ, ಯು ನೋ, ಆ್ಯಕ್ಚುಲಿ ಇವೆಲ್ಲ ಸಾಲಿಗೆರಡು ಇದ್ವು, ಜೊತೆಗೆ ನಾವು ಮಾತಿನ ಕೊನೆಗೆ ಹಾಕ್ತೀವಲ್ಲ "ಕಾಸ್ಟ್ಲಿ ಆಗುತ್ತೆ ನೋ" ಅಂತ, ಆ `no` ಕೂಡ ಎಲ್ಲ ಕಡೆ ತುಂಬಿತ್ತು, ಹಂಗಾಗಿ ಎಲ್ಲಾನೂ ಒಂದೇ ಸಲ ಹಾರಿಸ್ದೆ:

```
\b(um|uh|hmm|you know|actually|no)\b
```

ಆಮೇಲೆ ದುರಸ್ತಿ ಖರ್ಚಿನ ಬಗ್ಗೆ ಮತ ಎಣಿಸಿದ ಜಾಗಕ್ಕೆ ಬಂದೆ. ಅಧ್ಯಕ್ಷರು ಕೈ ಎತ್ತಿದವರನ್ನ ಎಣಿಸಿ "ಟ್ವೆಂಟಿ ಒನ್, ನೋ, ಟ್ವೆಂಟಿ ಟೂ" ಅಂದಿದ್ರು. ನನ್ನ ಕ್ಲೀನ್ ಆದ ಫೈಲಲ್ಲಿ "ಟ್ವೆಂಟಿ ಒನ್ ಟ್ವೆಂಟಿ ಟೂ" ಅಂತ ಮಾತ್ರ ಉಳ್ದಿತ್ತು. ಅದನ್ನ ಓದಿದವರು ಪರ 21, ವಿರೋಧ 22 ಅಂತಾನೂ ಓದ್ಬಹುದು. ಅಲ್ಲಿದ್ದ `no` ಫಿಲ್ಲರ್ ಆಗಿರ್ಲಿಲ್ಲ, ಹಿಂದೆ ಹೇಳಿದ್ದು ತಪ್ಪು ಅಂತ ತಾವೇ ತಿದ್ಕೊಂಡ ಮಾತದು. ಕನ್ನಡದ "ಅಲ್ಲ"ನೂ ಹಂಗೇ, "ಅಲ್ಲ ಸಾರ್, ನಾನೇನ್ ಹೇಳೋದು ಅಂದ್ರೆ" ಅನ್ನೋದ್ರಲ್ಲಿ ಅದಕ್ಕೆ ಅರ್ಥ ಇಲ್ಲ, "ಅದು ಸೊಸೈಟಿ ಕೆಲಸ ಅಲ್ಲ" ಅನ್ನೋದ್ರಲ್ಲಿ ಇಡೀ ವಾದ ಅದರ ಮೇಲೇ ನಿಂತಿದೆ. ಈ ವ್ಯತ್ಯಾಸ ಫೈಂಡ್-ರೀಪ್ಲೇಸಿಗೆ ಗೊತ್ತಾಗಲ್ಲ.

ಇಷ್ಟಾದ್ರೂ ಆ ರಾತ್ರೀನೇ ಕಚ್ಚಾ ನಡಾವಳಿ ಬರ್ದು ಕಮಿಟಿಯ ಐದು ಜನಕ್ಕೆ ಕಳಿಸ್ಬಿಟ್ಟೆ. ಮೂರು ಗಂಟೆ ಕೆಲಸ.

ದಿನ 2, ಸೋಮವಾರ: ಖಜಾಂಚಿಯವರ ಫೋನು

ಬೆಳಿಗ್ಗೆ ಏಳೂವರೆಗೆ ಖಜಾಂಚಿ ಅಂಕಲ್ ಫೋನ್ ಮಾಡಿದ್ರು. "ಅಲ್ಲಮ್ಮಾ, ಕಾರ್ಪಸ್ ಫಂಡ್ ಉಪಯೋಗಿಸೋದೇ ಒಳ್ಳೇದು ಅಂತ ನಾನ್ ಯಾವಾಗ್ ಹೇಳ್ದೆ? ಆ ದುಡ್ಡನ್ನ ಮುಟ್ಟೋ ಮಾತು ನನ್ನ ಬಾಯಲ್ಲಿ ಬಂದಿದ್ಯಾ?" ಅಂದ್ರು. ಬೈಲಿಲ್ಲ, ಆದ್ರೆ ನೊಂದಿದ್ರು. ಕಾರ್ಪಸ್ ಫಂಡ್ ಅಂದ್ರೆ ಸಂಘ ಕೂಡಿಟ್ಟಿರೋ ಮೂಲನಿಧಿ. ಲೆಕ್ಕ ನೋಡ್ಕೊಳ್ಳೋ ಮನುಷ್ಯನ ಹೆಸರಲ್ಲಿ ಅಂಥ ಒಂದು ಸಾಲು ದಾಖಲೆಗೆ ಹೋದ್ರೆ ಅದು ಹತ್ತು ವರ್ಷ ಅವರ ಬೆನ್ನಿಗೆ ಇರುತ್ತೆ.

ಮೂಲ ಫೈಲು ಪುಣ್ಯಕ್ಕೆ ಇಮೇಲಲ್ಲಿ ಹಾಗೇ ಇತ್ತು, ಮತ್ತೆ ಡೌನ್‌ಲೋಡ್ ಮಾಡಿ ನೋಡಿದ್ರೆ ಹೀಗಿತ್ತು:

```
00:41:07.320 --> 00:41:12.880
Treasurer: Corpus fund touch more the better

00:41:12.880 --> 00:41:14.100
B-302: Sorry sorry next
```

ಹೆಡ್‌ಫೋನ್ ಹಾಕ್ಕೊಂಡು ಕೇಳ್ದೆ. ನಿಜವಾಗಿ ಆಗಿದ್ದೇನಂದ್ರೆ, ಬಿ-302ರ ಮೇಡಂ "ಕಾರ್ಪಸ್ ಫಂಡ್ ಟಚ್ ಮಾಡೋದು ಬೇಡ" ಅಂದ್ರು, ಅವರು ಹೇಳ್ತಿರೋವಾಗ್ಲೇ ಅಂಕಲ್ ಜೋರಾಗಿ "ಹ್ಞೂಂ ಹ್ಞೂಂ" ಅಂತಿದ್ರು, ಆಮೇಲೆ ಅಂಕಲ್ಲೇ "ಸರಿ ಸರಿ, ನೆಕ್ಸ್ಟ್" ಅಂದ್ರು. ಹ್ಞೂಂ ಅಂದಿದ್ದಕ್ಕೆ ಹೆಸರು ಅಂಕಲ್ ಕಡೆ ಜಿಗಿದು ಮೇಡಂ ಮಾತು ಅವರ ತಲೆಗೆ ಬಂತು, ಅವರ ಮಾತು ಮೇಡಂ ಹೆಸರಿಗೆ ಹೋಯ್ತು. ಇನ್ನು ಕ್ಯಾಪ್ಶನ್ ಭಾಷೆ ಇಂಗ್ಲಿಷ್ ಅಂತ ಇಟ್ಟಿದ್ದಕ್ಕೆ ಕನ್ನಡದ "ಬೇಡ" ಅದಕ್ಕೆ `better` ಅಂತ ಕೇಳ್ಸಿದೆ, "ಸರಿ" ಅನ್ನೋದು `sorry` ಆಗಿದೆ. ಹೇಳಿದವರೂ ತಪ್ಪು, ಹೇಳಿದ್ದೂ ಉಲ್ಟಾ, ಆದ್ರೆ ಓದೋಕೆ ಮಾತ್ರ ಸರಿಯಾಗೇ ಇರೋ ಹಾಗೆ ಕಾಣುತ್ತೆ. ಅರ್ಥವೇ ಆಗ್ದಿರೋ ಸಾಲು ಬಂದ್ರೆ ನಾವು ನಿಂತು ಕೇಳ್ತೀವಿ, ಹೀಗೆ ಅರ್ಥ ಇರೋ ತಪ್ಪು ಸಾಲನ್ನ ನಾನು ನಿಲ್ಲದೆ ದಾಟಿದ್ದೆ.

ಕಳಿಸಿದ್ದ ಕಚ್ಚಾ ಪ್ರತಿ ವಾಪಸ್ ತಗೊಂಡೆ, ಐದೂ ಜನಕ್ಕೆ ಫೋನ್ ಮಾಡಿ ಡಿಲೀಟ್ ಮಾಡಿ ಅಂತ ಕೇಳ್ಕೊಂಡೆ. ಮೊದಲಿಂದ ಶುರು.

ದಿನ 2, ರಾತ್ರಿ: ಟೇಬಲ್ ಮಾಡಿದ್ದು, ಟೈಮ್ ಹೊಂದಿಸಿದ್ದು (ಒಂದೂವರೆ ಗಂಟೆ)

ಮೂಲ ಫೈಲನ್ನ ಕಾಪಿ ಮಾಡಿ ರೀಡ್-ಓನ್ಲಿ ಮಾಡಿಟ್ಟೆ, ಅದನ್ನ ಇನ್ನು ಮುಟ್ಟೋ ಹಾಗಿಲ್ಲ. ಕಾಪಿಯನ್ನ ಸ್ಪ್ರೆಡ್‌ಶೀಟಿಗೆ ಹಾಕಿ ಐದು ಕಾಲಂ ಮಾಡ್ದೆ: ಶುರುವಾದ ಟೈಮು, ಫೈಲು ಕೊಟ್ಟ ಹೆಸರು, ನಿಜವಾಗಿ ಮಾತಾಡಿದವರು, ಮಾತು, ಖಾತ್ರಿ. ಫೈಲು ಕೊಟ್ಟ ಹೆಸರಿನ ಮೇಲೇ ತಿದ್ದದೆ ಪಕ್ಕದಲ್ಲಿ ಬೇರೆ ಕಾಲಂ ಇಟ್ಟಿದ್ದು ಆಮೇಲೆ ಬಹಳ ಉಪಯೋಗಕ್ಕೆ ಬಂತು, ಯಾಕಂದ್ರೆ ಯಾವ ಹೆಸರು ಎಲ್ಲೆಲ್ಲಿ ಕೈ ಕೊಟ್ಟಿದೆ ಅಂತ ಫಿಲ್ಟರ್ ಹಾಕಿ ನೋಡ್ಬಹುದಿತ್ತು. ಒಬ್ಬರದ್ದೇ ಮಾತು ಸತತವಾಗಿ ಬಂದಿದ್ದನ್ನ ಒಂದೇ ಸಾಲಿಗೆ ಸೇರಿಸೋ ಆಸೆ ಆಯ್ತು, ಆದ್ರೆ ಹೆಸರು ಸರಿ ಮಾಡೋಕೆ ಮುಂಚೆ ಸೇರಿಸಿದ್ರೆ ಇಬ್ಬರ ಮಾತು ಒಂದಾಗಿ ಮತ್ತೆ ಬಿಡಿಸೋದು ಕಷ್ಟ, ಹಂಗಾಗಿ ತಡ್ಕೊಂಡೆ.

ಟೈಮ್ ಹೊಂದಿಸೋದ್ರಲ್ಲಿ ಅರ್ಧ ಗಂಟೆ ಹೋಯ್ತು. ಕ್ಯಾಪ್ಶನ್ ಸಭೆ ಶುರುವಾದ ತಕ್ಷಣ ಓಡೋಕೆ ಶುರುವಾಗಿತ್ತು, ರೆಕಾರ್ಡಿಂಗ್ ಬಟನ್ ಒತ್ತಿದ್ದು ಆಮೇಲೆ. ಅಧ್ಯಕ್ಷರು ಅಜೆಂಡಾ ಓದೋಕೆ ಶುರು ಮಾಡಿದ ಮೊದಲ ಪದ ಎರಡರಲ್ಲೂ ಹುಡುಕಿದ್ರೆ ವ್ಯತ್ಯಾಸ 2 ನಿಮಿಷ 50 ಸೆಕೆಂಡು, ಅಂದ್ರೆ ಫೈಲಿನ 41:07 ರೆಕಾರ್ಡಿಂಗಲ್ಲಿ 38:17. ಸಭೆಯ ಎರಡನೇ ಭಾಗಕ್ಕೆ ಬಂದ್ರೆ ಈ ಲೆಕ್ಕ ಕೂಡ್ಲಿಲ್ಲ. ಟೀ ಬ್ರೇಕಲ್ಲಿ 9 ನಿಮಿಷ ರೆಕಾರ್ಡಿಂಗ್ ಪಾಸ್ ಮಾಡಿದ್ರು, ಕ್ಯಾಪ್ಶನ್ ಓಡ್ತಾನೇ ಇತ್ತು. ಹಂಗಾಗಿ ಬ್ರೇಕ್ ಆದ್ಮೇಲೆ ವ್ಯತ್ಯಾಸ 11 ನಿಮಿಷ 50 ಸೆಕೆಂಡು. ಸ್ಪ್ರೆಡ್‌ಶೀಟಲ್ಲಿ ಇನ್ನೊಂದು ಕಾಲಂ ಸೇರಿಸಿ ಕಳೆಯೋ ಲೆಕ್ಕ ಹಾಕ್ದೆ, ಆಮೇಲೆ ಯಾವ ಸಾಲಾದ್ರೂ ನೇರ ಆ ಜಾಗಕ್ಕೆ ಹೋಗ್ಬಹುದು. ಟೀ ಬ್ರೇಕಿನ ಮಾತುಗಳು ಕ್ಯಾಪ್ಶನಲ್ಲಿ ಹಾಗೇ ಬಂದಿದ್ವು, ಒಬ್ಬರ ಮನೆಯ ಆಸ್ಪತ್ರೆ ವಿಷಯ ಕೂಡ ಇತ್ತು, ಅದು ಸಭೆಯ ಭಾಗ ಅಲ್ಲ, ಟೇಬಲಿಂದ ತೆಗೆದ್ಹಾಕ್ದೆ.

ದಿನ 3, ಮಂಗಳವಾರ: ಯಾರು ಮಾತಾಡಿದ್ದು (ನಾಲ್ಕು ಗಂಟೆ)

ಇದು ದೊಡ್ಡ ಕೆಲಸ. ಹೆಸರು ತಪ್ಪೋಕೆ ನಮ್ಮ ಫೈಲಲ್ಲಿ ಮೂರು ಕಾರಣ ಸಿಕ್ತು. ಒಂದು, ಕ್ಲಬ್‌ಹೌಸ್ ಲ್ಯಾಪ್‌ಟಾಪ್, ಅಲ್ಲಿದ್ದ 12 ಜನರ ಮಾತೂ `Clubhouse` ಅನ್ನೋ ಒಂದೇ ಹೆಸರಲ್ಲಿ. ಎರಡು, ಸಾಧನದ ಹೆಸರು, ಮಗನ ಫೋನಲ್ಲಿ ಬಂದ ಅಮ್ಮ, ಗಂಡನ ಲಾಗಿನಲ್ಲಿ ಬಂದ ಹೆಂಡತಿ, ಬರೀ `iPhone` ಅಂತ ಇದ್ದ ಇಬ್ಬರು. ಮೂರು, ಒಬ್ಬರ ಮೇಲೊಬ್ಬರು ಮಾತಾಡಿದಾಗ ಹೆಸರು ಜಿಗಿಯೋದು, ಮೇಲೆ ಹೇಳ್ದೆನಲ್ಲ ಅದು.

ಮೊದಲು ದನಿ ಗುರುತು ಹಿಡಿಯೋಣ ಅಂತ ಬರೀ ಕೇಳ್ಕೊಂಡು ಹೋದೆ, ಇಪ್ಪತ್ತು ನಿಮಿಷಕ್ಕೆ ತಲೆ ಕೆಡ್ತು, ಎ-104ರ ಅಪ್ಪ ಮಗ ಇಬ್ಬರ ದನಿ ಒಂದೇ ಥರ. ಆಮೇಲೆ ನೆನಪಾಯ್ತು, ಶುರುವಲ್ಲಿ ಹಾಜರಿ ತಗೊಳ್ಳೋವಾಗ ಪ್ರತಿಯೊಬ್ಬರೂ ಮನೆ ನಂಬರು ಹೆಸರು ಹೇಳಿದ್ರು. ಆ ಆರು ನಿಮಿಷವೇ ನನಗೆ ಕೈಪಿಡಿ ಆಯ್ತು. ಕ್ಲಬ್‌ಹೌಸಿನ 12 ಜನ ಹಾಜರಿ ಹೇಳಿದ ಟೈಮನ್ನ ಒಂದು ಹಾಳೆಯಲ್ಲಿ ಬರ್ದಿಟ್ಕೊಂಡು, ಅನುಮಾನ ಬಂದಾಗೆಲ್ಲ ಅಲ್ಲಿಗೆ ಹೋಗಿ ದನಿ ಕೇಳಿ ವಾಪಸ್ ಬರ್ತಿದ್ದೆ. ವಿಎಲ್‌ಸಿಯಲ್ಲಿ `[` ಒತ್ತಿದ್ರೆ ವೇಗ ಕಮ್ಮಿ ಆಗುತ್ತೆ, `Shift` ಜೊತೆ ಎಡ ಬಾಣ ಒತ್ತಿದ್ರೆ 3 ಸೆಕೆಂಡ್ ಹಿಂದೆ ಹೋಗುತ್ತೆ, ಈ ಎರಡು ಕೀ ಇಲ್ದಿದ್ರೆ ಈ ಕೆಲಸ ಆಗ್ತಿರ್ಲಿಲ್ಲ.

ದನಿಗಿಂತ ಹೆಚ್ಚು ನಂಬಬಹುದಾದ ಸುಳಿವು ಮಾತಲ್ಲೇ ಇರುತ್ತೆ. ಹಿಂದಿನ ಸಾಲಲ್ಲಿ ಅಧ್ಯಕ್ಷರು "ಹೇಳಿ ಮೇಡಂ, ನೀವು ಕೈ ಎತ್ತಿದ್ರಿ" ಅಂದಿರ್ತಾರೆ, ಅಥವಾ ಮಾತಾಡೋರು "ನಮ್ಮ ಬೆಡ್‌ರೂಮ್ ಸೀಲಿಂಗಲ್ಲೇ ಟೆರೇಸ್ ನೀರು ಇಳೀತಿದೆ" ಅಂತಾರೆ, ಅಂದ್ರೆ ಅವರು ಕೊನೇ ಮಹಡಿಯವರೇ ಆಗಿರ್ಬೇಕು. ಚಾಟ್ ಫೈಲೂ ಸಹಾಯ ಮಾಡ್ತು, "ನಾನು ಸಿ-201, ಮಗನ ಫೋನಿಂದ ಬಂದಿದೀನಿ" ಅಂತ ಒಬ್ಬರು ಟೈಪ್ ಮಾಡಿದ್ರು, ಒಂದೇ ಸಲಕ್ಕೆ 27 ಸಾಲು ಸರಿ ಆಯ್ತು.

ಖಾತ್ರಿ ಕಾಲಮಲ್ಲಿ ಮೂರೇ ಗುರುತು ಇಟ್ಟೆ: ಖಚಿತ, ಅಂದಾಜು, ಗೊತ್ತಿಲ್ಲ. ಅಂದಾಜು ಅಂತ ಹಾಕಿದ ಯಾವ ಮಾತನ್ನೂ ಒಬ್ಬರ ಹೆಸರಿಟ್ಟು ನಡಾವಳಿಗೆ ಹಾಕಲ್ಲ ಅಂತ ತೀರ್ಮಾನ ಮಾಡ್ದೆ. ರಾತ್ರಿ ಹನ್ನೊಂದಕ್ಕೆ ಮುಗಿದಾಗ ಹೆಸರು ಸರಿಯಾದ ಸಾಲುಗಳನ್ನ ಸೇರಿಸಿದ್ಮೇಲೆ 390 ಮಾತಿನ ಸರದಿ ಉಳೀತು, ಅದರಲ್ಲಿ 31 ಅಂದಾಜು, 14 ಗೊತ್ತಿಲ್ಲ.

ದಿನ 4, ಬುಧವಾರ: ಮಾತು ಸರಿ ಮಾಡಿದ್ದು (ಮೂರು ಗಂಟೆ)

ಪೂರ್ತಿ 1 ಗಂಟೆ 52 ನಿಮಿಷ ಅಕ್ಷರ ಅಕ್ಷರ ಸರಿ ಮಾಡ್ಬೇಕಾಗಿಲ್ಲ ಅಂತ ಇಲ್ಲಿಗೆ ಬರೋಷ್ಟರಲ್ಲಿ ಅರ್ಥ ಆಗಿತ್ತು. ನಡಾವಳಿಯಲ್ಲಿ ಸಂಭಾಷಣೆ ಬರಲ್ಲ, ಅದಕ್ಕೆ ನಾಲ್ಕು ಥರದ ಜಾಗದಲ್ಲಿ ಮಾತ್ರ ಪದ ಪದ ಕೇಳ್ದೆ: ದುಡ್ಡಿನ ಅಂಕಿ ಬಂದಲ್ಲಿ, ಬೇಕು-ಬೇಡ ಬಂದಲ್ಲಿ, ನಿರ್ಣಯ ಓದಿದಲ್ಲಿ, ಯಾರಾದ್ರೂ "ಇದನ್ನ ಬರ್ಕೊಳಿ" ಅಂದಲ್ಲಿ.

ಬೇಕು-ಬೇಡದ ಜಾಗ ಹುಡುಕೋಕೆ ಟೇಬಲಲ್ಲಿ `better`, `sorry`, `I too` ಮೂರನ್ನೂ ಹುಡುಕ್ದೆ. `I too` ಅಂದ್ರೆ "ಆಯ್ತು". ಎ-201ರವರು ಬೇಜಾರಲ್ಲಿ "ಆಯ್ತು ಬಿಡಿ" ಅಂದಿದ್ದು "ನಾನೂ ಒಪ್ತೀನಿ" ಅನ್ನೋ ಹಾಗೆ ಕೂತಿತ್ತು. `better` 19 ಸಲ ಇತ್ತು, ಅದರಲ್ಲಿ 11 ಸಲ ಅದು "ಬೇಡ". ಕನ್ನಡದಲ್ಲಿ ಹೇಳಿದ ಮಾತಿನ ಅರ್ಥ ಕೊನೆಯ ಪದದಲ್ಲಿ ಕೂತಿರುತ್ತಲ್ಲ, ಬೇಡ, ಆಗಲ್ಲ, ಇಲ್ಲ ಅಂತ, ಎಲ್ಲರ ದನಿ ಇಳಿಯೋದೂ ಅಲ್ಲೇ, ಮಧ್ಯೆ ಬಾಯಿ ಹಾಕೋದೂ ಅಲ್ಲೇ, ಹಂಗಾಗಿ ತಪ್ಪು ಆಗೋದೂ ಅಲ್ಲೇ ಜಾಸ್ತಿ.

ಅಂಕಿ ವಿಷಯದಲ್ಲಿ ಕಿವಿ ನಂಬಿ ಮೋಸ ಹೋಗೋದ್ರಲ್ಲಿದ್ದೆ. ಟೆರೇಸ್ ವಾಟರ್‌ಪ್ರೂಫಿಂಗಿಗೆ ಬಂದ ಕೊಟೇಶನ್ ಬಗ್ಗೆ ಅಂಕಲ್ "ಫೋರ್ ಫಿಫ್ಟೀನ್" ಅಂದಿದ್ರು, ಫೈಲಲ್ಲಿ `450`. ನಾನು ಮೂರು ಸಲ ಕೇಳ್ದೆ, ಮೂರೂ ಸಲ ನನಗೂ ಫಿಫ್ಟಿ ಅಂತಾನೇ ಕೇಳಿಸ್ತು, ಯಾಕಂದ್ರೆ ಅದಾಗ್ಲೇ ಕಣ್ಣು 450 ಓದ್ಬಿಟ್ಟಿತ್ತು. ಕೊಟೇಶನ್ ಹಾಳೆ ತೆಗೆದು ನೋಡಿದ್ರೆ 4,15,000. ಅವತ್ತಿಂದ ಯಾವ ಅಂಕಿಯನ್ನೂ ಆಡಿಯೋ ಮೇಲೆ ಬರೀಲಿಲ್ಲ, ಕೊಟೇಶನ್, ಬ್ಯಾಂಕ್ ಸ್ಟೇಟ್‌ಮೆಂಟ್, ಆಡಿಟ್ ಪ್ರತಿ ನೋಡಿ ಬರ್ದೆ. ಸಭೆಯಲ್ಲಿ ಹೇಳಿದ್ದಕ್ಕೂ ಹಾಳೆಯಲ್ಲಿರೋದಕ್ಕೂ ಒಂದು ಕಡೆ ನಿಜವಾಗ್ಲೂ ವ್ಯತ್ಯಾಸ ಇತ್ತು, ಲಿಫ್ಟ್ ವಾರ್ಷಿಕ ನಿರ್ವಹಣೆ ಮೊತ್ತದಲ್ಲಿ. ಅಲ್ಲಿ ಸುಮ್ಮನೆ ಹಾಳೆಯ ಅಂಕಿ ಹಾಕಿದ್ರೆ ಸಭೆ ಕೇಳದ ಅಂಕಿಗೆ ಸಭೆ ಒಪ್ಪಿದ ಹಾಗಾಗುತ್ತೆ, ಅದಕ್ಕೆ ಎರಡನ್ನೂ ಬರೆದು, ಸಭೆಯಲ್ಲಿ ತಿಳಿಸಿದ್ದು ಇಷ್ಟು, ಕಡತದ ಪ್ರಕಾರ ಇಷ್ಟು ಅಂತ ಕಾರ್ಯದರ್ಶಿಯ ಟಿಪ್ಪಣಿ ಹಾಕ್ದೆ.

ಮತ ಎಣಿಕೆಗೆ ವಿಡಿಯೋ ನಿಲ್ಲಿಸಿ ಕೈ ಎಣಿಸ್ದೆ, ಚಾಟಲ್ಲಿ ಬಂದಿದ್ದನ್ನ ಸೇರಿಸ್ದೆ: ಪರ 22, ವಿರೋಧ 6, ತಟಸ್ಥ 3, ಒಟ್ಟು 31, ಹಾಜರಿಗೆ ಸರಿ ಹೋಯ್ತು. ಒಟ್ಟು ಕೂಡದೇ ಇದ್ದಿದ್ರೆ ಹಾಜರಿಯಿಂದಾನೇ ಮತ್ತೆ ಶುರು ಮಾಡ್ಬೇಕಿತ್ತು.

ಫಿಲ್ಲರ್ ಪದಗಳನ್ನ ಈ ಸಲ ಕೈಯಲ್ಲೇ ತೆಗೆದೆ, ಅದೂ ನಡಾವಳಿಗೆ ಹೋಗೋ ಸಾಲಲ್ಲಿ ಮಾತ್ರ. ಅಂ, ಹ್ಞೂಂ, ಆಮೇಲೆ ಏನಪ್ಪಾ ಅಂದ್ರೆ, ಇವು ಹೋದ್ವು. "ಅನ್ಸುತ್ತೆ", "ಬಹುಶಃ", "ಆದ್ರೆ ನೋಡೋಣ" ಇವು ಫಿಲ್ಲರ್ ಥರ ಕಂಡ್ರೂ ಬಿಟ್ಟೆ. ಗುತ್ತಿಗೆದಾರರು ದೀಪಾವಳಿ ಒಳಗೆ "ಬಹುಶಃ" ಮುಗಿಸ್ತಾರೆ ಅಂದಿದ್ದನ್ನ ಮುಗಿಸ್ತಾರೆ ಅಂತ ಬರೆದ್ರೆ ಅದು ವಾಗ್ದಾನ ಆಗುತ್ತೆ.

ದಿನ 5, ಗುರುವಾರ: ನಡಾವಳಿ ಬರೆದಿದ್ದು (ಎರಡು ಗಂಟೆ)

390 ಸರದಿ ಮೂರು ಪುಟಕ್ಕೆ ಬಂತು. ಪ್ರತಿ ವಿಷಯಕ್ಕೂ ಚರ್ಚೆಯ ಸಾರ, ನಿರ್ಣಯ, ಸೂಚಕರು, ಅನುಮೋದಕರು, ಮತ, ಯಾರು ಯಾವಾಗಿನ ಒಳಗೆ ಮಾಡ್ಬೇಕು, ಇಷ್ಟೇ. ಮೊದಲ ಪ್ರತಿಯಲ್ಲಿ "ಅವರು ಹೀಗಂದರು, ಇವರು ಹಾಗಂದರು" ಅಂತ ತುಂಬಿದ್ದೆ, ಅದೆಲ್ಲ ತೆಗೆದೆ. ಹೆಸರು ಉಳಿಸಿದ್ದು ವಿರೋಧ ದಾಖಲಿಸಿ ಅಂತ ಕೇಳಿದವರದ್ದು, ಲೆಕ್ಕದ ಬಗ್ಗೆ ಪ್ರಶ್ನೆ ಕೇಳಿದವರದ್ದು, ಕೆಲಸ ಒಪ್ಕೊಂಡವರದ್ದು ಮಾತ್ರ.

ಆ ಕಾರ್ಪಸ್ ಫಂಡಿನ ಸಾಲು ಕೊನೆಗೆ ಹೀಗಾಯ್ತು: "ದುರಸ್ತಿ ವೆಚ್ಚಕ್ಕೆ ಮೂಲನಿಧಿಯನ್ನು ಬಳಸಬಾರದೆಂದು ಬಿ-302ರ ಸದಸ್ಯರು ಅಭಿಪ್ರಾಯಪಟ್ಟರು. ವೆಚ್ಚವನ್ನು ವಿಶೇಷ ವಂತಿಗೆಯ ಮೂಲಕ ಭರಿಸಲು 22-6 ಮತಗಳಿಂದ ತೀರ್ಮಾನಿಸಲಾಯಿತು; ಮೂವರು ತಟಸ್ಥರಾಗಿದ್ದರು." ಪಕ್ಕದ ನನ್ನ ಕೆಲಸದ ಪ್ರತಿಯಲ್ಲಿ ಪ್ರತಿ ವಾಕ್ಯಕ್ಕೂ ರೆಕಾರ್ಡಿಂಗ್ ಟೈಮ್ ಹಾಕಿದೀನಿ, ಇದಕ್ಕೆ 38:17. ಹಂಚೋ ಪ್ರತಿಯಲ್ಲಿ ಟೈಮ್ ಇಲ್ಲ.

ದಿನ 6, ಶುಕ್ರವಾರ: ಒಪ್ಪಿಗೆ

ಹೆಸರು ಬಂದ ಒಂಬತ್ತು ಜನಕ್ಕೆ ಅವರವರ ಸಾಲು ಮಾತ್ರ ಕಳಿಸಿ, ನೀವು ಹೇಳಿದ್ದು ಇದೇನಾ ಅಂತ ಕೇಳ್ದೆ. ಏಳು ಜನ ಸರಿ ಅಂದ್ರು. ಒಬ್ಬರ ಮನೆ ನಂಬರು ತಪ್ಪಿತ್ತು, ತಿದ್ದಿದೆ. ಒಬ್ಬರು ಮಾತ್ರ "ನಾನು ವಿರೋಧ ಅಂದಿದ್ದು ನಿಜ, ಈಗ ತಟಸ್ಥ ಅಂತ ಹಾಕ್ಬಿಡಿ" ಅಂದ್ರು. ಪಾಪ, ಪಕ್ಕದ ಮನೆಯವರ ಜೊತೆ ಮುನಿಸು ಬೇಡ ಅಂತ ಕೇಳಿದ್ದು. ಆದ್ರೂ ಆಗಲ್ಲ ಅಂದೆ, ನಾನು ತಪ್ಪು ಕೇಳಿದ್ರೆ ತಿದ್ತೀನಿ ಸಾರ್, ನೀವು ಮನಸ್ಸು ಬದಲಾಯಿಸಿದ್ರೆ ಮುಂದಿನ ಸಭೆಯಲ್ಲಿ ಹೇಳಿ, ಅದನ್ನೂ ಬರೀತೀನಿ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು ಆಯ್ತು ಅಂದ್ರು.

ಖಜಾಂಚಿ ಅಂಕಲ್ ಮೂರೂ ಪುಟ ಓದಿ ಒಂದೇ ಒಂದು ಕಡೆ ಪೆನ್ಸಿಲಲ್ಲಿ ಗೆರೆ ಎಳೆದು ವಾಪಸ್ ಕೊಟ್ರು, ನಾಲ್ಕನೇ ವಿಷಯದ ಅನುಮೋದಕರ ಹೆಸರು. ಅದು `Clubhouse` ಹೆಸರಿನ ಸಾಲು, 1:08:20ರಲ್ಲಿ ಒಬ್ಬರು "ನಾನ್ ಅನುಮೋದಿಸ್ತೀನಿ" ಅಂತಾರೆ, ಕ್ಯಾಮೆರಾ ಆಗ ಬೇರೆ ಕಡೆ ತಿರುಗಿದೆ, ಎ-104ರ ಅಪ್ಪ ಮಗ ಇಬ್ಬರೂ ಪಕ್ಕಪಕ್ಕ ಕೂತಿದ್ರು. ಕೇಳಿದ್ರೆ ಅಪ್ಪ ನಾನೇ ಅಂತಾರೆ, ಮಗ ನಾನು ಅಂದ ನೆನಪು ಅಂತಾನೆ. ಸದಸ್ಯತ್ವ ಇರೋದು ಅಪ್ಪನ ಹೆಸರಲ್ಲಿ, ಮಗ ಅಂದಿದ್ರೆ ಆ ಅನುಮೋದನೆ ನಿಲ್ಲಲ್ಲ. ಖಾತ್ರಿ ಕಾಲಮಲ್ಲಿ ಅದು ಇನ್ನೂ "ಅಂದಾಜು" ಅಂತಾನೇ ಇದೆ. ಅಲ್ಲಿ ಹೆಸರು ಖಾಲಿ ಬಿಟ್ಟು, "ಅನುಮೋದಕರ ಹೆಸರನ್ನು ಮುಂದಿನ ಸಭೆಯಲ್ಲಿ ದೃಢೀಕರಿಸಿಕೊಳ್ಳುವುದು" ಅಂತ ಬರೆದು, ಉಳಿದಿದ್ದಕ್ಕೆ ಅಧ್ಯಕ್ಷರ ಸಹಿ ತಗೊಂಡೆ.